ಅಕ್ಕನಿಂದ ಮುಚ್ಚಿಟ್ಟ ನಾಲ್ಕು ಸಂಗತಿ

ನಮ್ಮ ಕಡೆ ಡೇಟಿಂಗ್ ಅನ್ನೋ ಶಬ್ದ ಯಾರೂ ಮನೇಲಿ ಬಳಸಲ್ಲ, "ಮಾತಾಡಕತ್ತೀವಿ" ಅಂತಾರೆ ಅಷ್ಟೇ. ಯಾರದೋ ಮದುವೇಲಿ ನೋಡಿರ್ತೀವಿ, ನಂಬರ್ ಸಿಗುತ್ತೆ, ಮೊದಲು ಗುಡ್ ಮಾರ್ನಿಂಗ್, ಆಮೇಲೆ ಊಟ ಆಯ್ತಾ, ಆಮೇಲೆ ರಾತ್ರಿ ಒಂದೂವರೆ ತನಕ ಫೋನು. ಬಳ್ಳಾರಿಯಂಥ ಊರಲ್ಲಿ ಕೂತು ಮಾತಾಡೋಕೆ ಜಾಗಾನೂ ಕಡಿಮೆ, ಯಾವ ಬೇಕರಿಗೆ ಹೋದ್ರೂ ಯಾರೋ ಒಬ್ರು ಪರಿಚಯದವರು ಪಫ್ ತಿಂತಾ ಕೂತಿರ್ತಾರೆ, ಹಂಗಾಗಿ ನಮ್ಮದೆಲ್ಲಾ ಬಹುತೇಕ ಫೋನಲ್ಲೇ ನಡೆಯುತ್ತೆ. ಫೋನಲ್ಲಿ ದನಿ ಮಾತ್ರ ಇರುತ್ತೆ, ಮನುಷ್ಯ ಇರಲ್ಲ, ಉಳಿದದ್ದನ್ನ ನಾವೇ ತುಂಬ್ಕೋತೀವಿ. ಇದು ನಂಗೆ ಅರ್ಥ ಆಗೋಕೆ ಒಂದೂವರೆ ವರ್ಷ ಹಿಡೀತು.

ನಾನು ಲ್ಯಾಬ್ ಟೆಕ್ನಿಷಿಯನ್. ಊರು ಗಂಗಾವತಿ ತಾಲೂಕಿನ ಒಂದು ಹಳ್ಳಿ, ಕೆಲಸ ಬಳ್ಳಾರಿಯಲ್ಲಿ. ಮೊದಲು ಮಾತಾಡಿದ ಹುಡುಗ ಸಿಂಧನೂರು ಕಡೆಯವನು. ಅವನ ಬಗ್ಗೆ ಹೆಚ್ಚು ಬರೆಯಲ್ಲ, 2023ರಲ್ಲಿ ಮುಗೀತು. ಮುಗಿದ ಮೇಲೆ ನಾನು ಕೇಳ್ಕೊಂಡ ಪ್ರಶ್ನೆ ಮಾತ್ರ ಇಲ್ಲಿ ಮುಖ್ಯ. ಎರಡನೇ ತಿಂಗಳಲ್ಲೇ ನಂಗೆ ಎಲ್ಲಾ ಕಂಡಿತ್ತಲ್ಲ, ಕಂಡಿಲ್ಲ ಅಂತ ಹೇಳೋಕಾಗಲ್ಲ, ವಾಟ್ಸಾಪ್‌ನಲ್ಲಿ ಇವತ್ತಿಗೂ ಇದೆ, ಆದ್ರೂ ಇನ್ನೂ ಹದಿನಾರು ತಿಂಗಳು ಯಾಕೆ ಇದ್ದೆ?

2024ರ ಬೇಸಿಗೇಲಿ ಊರಿಗೆ ಹೋದಾಗ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಕೂತೆ. ಮುಂದೆ ಯಾರ ಜೊತೆಗಾದ್ರೂ ಮಾತಾಡೋಕೆ ಮುಂಚೆ ನಂಗೇನು ಬೇಕು, ಏನಿದ್ರೆ ಒಪ್ಪಲ್ಲ, ಬರೆದಿಟ್ಕೋಬೇಕು ಅಂತ. ಮೊದಲ ಪುಟ ಹೀಗಿತ್ತು: ಒಳ್ಳೆ ಮನಸಿನವನು, ಗೌರವ ಕೊಡಬೇಕು, ಪ್ರಾಮಾಣಿಕ, ಕುಟುಂಬ ಅಂದ್ರೆ ಪ್ರೀತಿ, ಐದೂ ಮುಕ್ಕಾಲು ಅಡಿ, ಸರ್ಕಾರಿ ನೌಕರಿ ಆದ್ರೆ ಚೆಲೋ, ಕುಡಿಬಾರದು. ಬರೆದು ಓದಿದ್ರೆ ಸಿಂಧನೂರಿನವನು ಎತ್ತರ ಮತ್ತು ನೌಕರಿ ಬಿಟ್ರೆ ಎಲ್ಲಾದ್ರಲ್ಲೂ ಪಾಸ್! ಮೊದಮೊದಲು ಅವನು ಒಳ್ಳೆಯವನೇ ಆಗಿದ್ದ, ಗೌರವಾನೂ ಕೊಡ್ತಿದ್ದ. ಅಂದ್ರೆ ಆ ಪಟ್ಟಿ ಯಾವ ಕೆಲಸಕ್ಕೂ ಬರ್ತಿರಲಿಲ್ಲ. ಗೌರವ ಅನ್ನೋ ಶಬ್ದದೊಳಗೆ ಇಷ್ಟಪಟ್ಟವನನ್ನ ಹೆಂಗಾದ್ರೂ ಕೂರಿಸಬಹುದು.

ಎತ್ತರ, ಸರ್ಕಾರಿ ನೌಕರಿ ಇವೆರಡೂ ನನ್ನ ಮಾತಲ್ಲ, ನಮ್ಮ ಅತ್ತೆಯ ಮಾತು, ನನ್ನ ಕೈಬರಹದಲ್ಲಿ ಬಂದಿದ್ವು. ಆಮೇಲೆ ಇದರ ಬಗ್ಗೆ ಒಂದಿಷ್ಟು ಓದಿದೆ. ಅಮೆರಿಕಾದಲ್ಲಿ ಈಸ್ಟ್‌ವಿಕ್ ಮತ್ತೆ ಫಿಂಕೆಲ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ಹುಡುಗ ಹುಡುಗಿಯರ ಹತ್ರ ಮೊದಲೇ ನಿಮಗೆ ಎಂಥವರು ಇಷ್ಟ ಅಂತ ಕೇಳಿ, ಆಮೇಲೆ ಒಬ್ಬೊಬ್ಬರ ಎದುರು ಕೆಲವೇ ನಿಮಿಷ ಕೂತು ಮಾತಾಡೋ ಸ್ಪೀಡ್ ಡೇಟಿಂಗ್‌ಗೆ ಕೂರಿಸಿ ನೋಡಿದ್ರಂತೆ, 2008ರಲ್ಲಿ ಪ್ರಕಟ ಆಗಿದ್ದು. ಮೊದಲು ಹೇಳಿದ್ದಕ್ಕೂ ಎದುರಿಗೆ ಕೂತಾಗ ನಿಜವಾಗಿ ಇಷ್ಟ ಆದವರಿಗೂ ಹೊಂದಾಣಿಕೆ ಇರಲೇ ಇಲ್ಲ ಅನ್ನೋಷ್ಟು ಕಡಿಮೆ. ಯಾರು ಇಷ್ಟ ಆಗ್ತಾರೆ ಅನ್ನೋದನ್ನ ಕಾಗದದ ಮೇಲೆ ಮೊದಲೇ ಬರೆಯೋಕಾಗಲ್ಲ ಅಂತ ನಂಗೆ ಅದರಿಂದ ಗೊತ್ತಾಯ್ತು. ಹಂಗಂದ್ರೆ ಪಟ್ಟಿಯ ಕೆಲಸಾನೇ ಬೇರೆ. ಇಷ್ಟ ಆದ ಮೇಲೆ ಎಲ್ಲಿ ನಿಲ್ಲಬೇಕು ಅಂತ ಮಾತ್ರ ಅದು ಹೇಳಬೇಕು. ಎತ್ತರ, ಬಣ್ಣ, ಮಾತಿನ ಶೈಲಿ, ಎಲ್ಲಾ ಹೊಡೆದು ಹಾಕಿದೆ.

ಹಂಗಾದ್ರೆ ಉಳಿಯೋದೇನು? ಇಲ್ಲಿ ನಂಗೆ ದಾರಿ ತೋರಿಸಿದ್ದು ಅಕ್ಕ. ಅವಳು ಗಂಗಾವತಿಯಲ್ಲಿರ್ತಾಳೆ, ಎರಡು ಮಕ್ಕಳು. ಮಧ್ಯಾಹ್ನ ಒಗ್ಗರಣಿ ಮಿರ್ಚಿ ತಿಂತಾ ನಾನು ಸಿಂಧನೂರಿನವನ ಒಂದು ಘಟನೆ ಹೇಳ್ತಿದ್ದೆ, ಹೊಟೇಲಲ್ಲಿ ಸಪ್ಲೈಯರ್ ಹುಡುಗನಿಗೆ ಅವನು ಹೆಂಗೆ ಕೂಗಾಡಿದ್ದ ಅಂತ. ಅಕ್ಕ ಮಿರ್ಚಿ ಕೈಯಲ್ಲೇ ಹಿಡ್ಕೊಂಡು ಕೇಳಿದ್ಲು, "ಇದನ್ನ ಆವಾಗ ನಂಗ್ಯಾಕ ಹೇಳ್ಲಿಲ್ಲ ನೀನು? ಊಟ ಚೆಲೋ ಇತ್ತು, ಐಸ್ ಕ್ರೀಮ್ ಕೊಡಿಸಿದ ಅಂತ ಅಷ್ಟ ಹೇಳಿದ್ದಿ."

ನಂಗೆ ಉತ್ತರ ಬರಲಿಲ್ಲ. ಅವತ್ತು ರಾತ್ರಿ ನೋಟ್‌ಬುಕ್‌ನ ಒಂದು ಪುಟದ ನಡುವೆ ಗೆರೆ ಎಳೆದು, ಎಡಗಡೆ ನಡೆದದ್ದು, ಬಲಗಡೆ ಅಕ್ಕನಿಗೆ ಹೇಳಿದ್ದು ಅಂತ ಬರೀತಾ ಹೋದೆ. ಬಹಳ ಕಡೆ ಎರಡೂ ಒಂದೇ ಇದ್ವು. ಅವನು ಲೇಟಾಗಿ ಬರೋದು, ಗೊರಕೆ, ಕ್ರಿಕೆಟ್ ಹುಚ್ಚು, ಇವೆಲ್ಲಾ ಅಕ್ಕನ ಹತ್ರ ಬೈಕೊಂಡು ನಕ್ಕೊಂಡು ಹೇಳಿದ್ದೆ. ಆದ್ರೆ ನಾಲ್ಕು ಕಡೆ ಬಲಗಡೆ ಖಾಲಿ, ಇಲ್ಲಾ ಬೇರೆ ಕಥೆ. ಒಂದು, ಹೊಟೇಲ್ ಹುಡುಗನ ಮೇಲೆ ಕೂಗಾಡಿದ್ದು. ಎರಡು, ನನ್ನಿಂದ ನಲವತ್ತು ಸಾವಿರ ಇಸ್ಕೊಂಡು, ಕೇಳಿದಾಗಲೆಲ್ಲಾ ಒಂದೊಂದು ಕಾರಣ ಹೇಳಿದ್ದು. ಮೂರು, ನೈಟ್ ಡ್ಯೂಟಿ ಬಿಡು, ಆಮೇಲೆ ಕೆಲಸಾನೇ ಬಿಡು ಅಂದದ್ದು. ನಾಲ್ಕು, ನಾನು ಬೇಡ ಅಂದ ಮೇಲೂ ಮತ್ತೆ ಮತ್ತೆ ಕೇಳಿ, ಮುನಿಸ್ಕೊಂಡು, ಮೂರು ದಿನ ಫೋನ್ ಎತ್ತದೆ, ಕೊನೆಗೆ ನನ್ನ ಕಡೆಯಿಂದ ಹೂಂ ಅನಿಸ್ಕೋತಿದ್ದದ್ದು.

ಇದ್ರೆ ಸಂಬಂಧಾನೇ ಬೇಡ ಅನ್ನೋ ನನ್ನ ನಿಜವಾದ ಡೀಲ್ ಬ್ರೇಕರ್‌ಗಳು ಈ ನಾಲ್ಕೇ ಆಗಿದ್ವು. ಅಕ್ಕನಿಗೆ ಹೇಳಿದ್ರೆ ಬಿಡು ಅಂತಾಳೆ ಅಂತ ನಂಗೆ ಆವಾಗ್ಲೇ ಗೊತ್ತಿತ್ತು, ಅದಕ್ಕೇ ಹೇಳಿರಲಿಲ್ಲ. ಅಂದ್ರೆ ಒಳಗೆ ತೀರ್ಮಾನ ಆಗಿಬಿಟ್ಟಿತ್ತು, ಅದನ್ನ ಹೊರಗೆ ಬರೋಕೆ ನಾನೇ ಬಿಟ್ಟಿರಲಿಲ್ಲ. ನೀವು ಹಿಂದೆ ಯಾರನ್ನಾದ್ರೂ ಪ್ರೀತಿಸಿ ಬಿಟ್ಟವರಾಗಿದ್ರೆ ಆದರ್ಶ ಸಂಗಾತಿ ಹೆಂಗಿರಬೇಕು ಅನ್ನೋ ಪ್ರಶ್ನೆಯಿಂದ ಶುರು ಮಾಡಬೇಡಿ, ನಿಮಗೆ ತೀರಾ ಹತ್ತಿರದವರಿಂದ ಏನು ಮುಚ್ಚಿಟ್ಟಿದ್ರಿ ಅದರಿಂದ ಶುರು ಮಾಡಿ. ಮೊದಲ ಸಲ ಆದ್ರೆ ಇನ್ನೊಂದು ಥರ ಕೇಳ್ಕೋಬಹುದು: ನನ್ನ ಸ್ವಂತ ತಂಗಿ ಇದನ್ನ ಸಹಿಸ್ಕೊಂಡಿದ್ರೆ ನಾನು ಅವಳಿಗೆ ಏನು ಹೇಳ್ತಿದ್ದೆ?

ಆಮೇಲೆ ಆ ನಾಲ್ಕನ್ನೂ ಪರೀಕ್ಷೆ ಮಾಡೋಕೆ ಆಗೋ ಹಂಗೆ ತಿರುಗಿಸಿ ಬರೆದೆ. ಇದಕ್ಕೇ ಎರಡು ದಿನ ಹಿಡೀತು. ಉದಾಹರಣೆಗೆ ಗೌರವ ಕೊಡಬೇಕು ಅನ್ನೋದು ಹೀಗಾಯ್ತು: "ಮೊದಲ ತಿಂಗಳಲ್ಲಿ ಒಂದು ಸಣ್ಣ ವಿಷಯಕ್ಕೆ ನಾನು ಬೇಡ ಅಂತೀನಿ, ಸಿಟ್ಟಿಲ್ಲದೆ, ಕಾರಣ ಹೇಳದೆ. ಅವನು ಎಷ್ಟು ಸಲ ಮತ್ತೆ ಕೇಳ್ತಾನೆ ನೋಡಬೇಕು." ಕೆಲಸದ ವಿಷಯ ಹೀಗೆ: "ಮದುವೆ ಆದ ಮೇಲೂ ನಾನು ಕೆಲಸ ಬಿಡಲ್ಲ, ನೈಟ್ ಡ್ಯೂಟಿ ಸೇರಿ. ಅವನ ಅಭಿಪ್ರಾಯ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಅವನ ಮನೆಗೆ ಸೊಸೆಯಾಗಿ ಬಂದವರು ಮೊದಲು ಏನು ಕೆಲಸ ಮಾಡ್ತಿದ್ರು, ಈಗ ಏನು ಮಾಡ್ತಿದಾರೆ ಕೇಳು. ಬಿಟ್ಟಿದ್ರೆ ಯಾರು ಬಿಡಿಸಿದ್ರು ಕೇಳು. ಆರು ವಾರದೊಳಗೆ ಕೇಳು." ದುಡ್ಡಿನದು: "ನಾನು ತಿಂಗಳಿಗೆ ಎಂಟು ಸಾವಿರ ಅವ್ವನಿಗೆ ಕಳಿಸ್ತೀನಿ, ಮುಂದೂ ಕಳಿಸ್ತೀನಿ, ಇದನ್ನ ಮೊದಲೇ ಹೇಳಬೇಕು. ಮದುವೆಗೆ ಮುಂಚೆ ಸಾಲ ಕೊಡಲ್ಲ, ಇಸ್ಕೊಳ್ಳಲ್ಲ." ಸಿಟ್ಟಿಗೆ: "ಅವನಿಗಿಂತ ಕೆಳಗಿನವರು ಅಂತ ಅವನು ಅಂದ್ಕೊಂಡವರ ಜೊತೆ, ಸಪ್ಲೈಯರ್, ಕಂಡಕ್ಟರ್, ಆಟೋದವರು, ತಪ್ಪು ಆದಾಗ ಹೆಂಗೆ ಮಾತಾಡ್ತಾನೆ. ಇದು ಫೋನಲ್ಲಿ ಗೊತ್ತಾಗಲ್ಲ, ಕನಿಷ್ಠ ನಾಲ್ಕು ಸಲ ಹೊರಗೆ ಭೇಟಿ ಆಗಬೇಕು." ಹೊಡೆಯೋದು, ಬೆದರಿಸೋದು, ವರದಕ್ಷಿಣೆ ಕೇಳೋದು ಇವಕ್ಕೆ ನಾನು ಟೆಸ್ಟ್ ಬರೆಯಲಿಲ್ಲ, ಅವಕ್ಕೆ ಎರಡನೇ ಸಲ ನೋಡೋದು ಅಂತಾನೇ ಇಲ್ಲ.

ಕೆಳಗೆ ತಾರೀಕು ಹಾಕಿದೆ. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ನೋಟ್‌ಬುಕ್ಕನ್ನೂ ಊರಲ್ಲೇ ಬಿಟ್ಟು ಬಂದೆ.

ಯಾಕೆ ಊರಲ್ಲೇ ಬಿಟ್ಟೆ ಅಂತ ಹೇಳ್ಬೇಕು. ನಮ್ಮ ಲ್ಯಾಬಲ್ಲಿ ಬೆಳಿಗ್ಗೆ ಮಷಿನ್ ಆನ್ ಮಾಡಿದ ಕೂಡ್ಲೇ ಪೇಷಂಟ್ ಸ್ಯಾಂಪಲ್ ಹಾಕಲ್ಲ, ಮೊದಲು ಕಂಟ್ರೋಲ್ ಅನ್ನೋ ಮಾದರಿ ದ್ರವ ಹಾಕ್ತೀವಿ. ಅದರ ರೇಂಜ್ ಮೊದಲೇ ಗೊತ್ತಿರುತ್ತೆ, ಆ ರೇಂಜೊಳಗೆ ಬರಲಿಲ್ಲ ಅಂದ್ರೆ ಅವತ್ತು ಮಷಿನ್ ಕೊಡೋ ಯಾವ ರಿಪೋರ್ಟನ್ನೂ ನಂಬೋ ಹಾಗಿಲ್ಲ. ಕಂಟ್ರೋಲ್ ಹೊರಗೆ ಹೋಯ್ತು ಅಂತ ರೇಂಜನ್ನೇ ತಿದ್ದಿ ಮುಂದೆ ಹೋಗೋಕೆ ಬರುತ್ತಾ? ನನ್ನ ಪಟ್ಟೀನೂ ಹಂಗೇ ಇರಬೇಕಿತ್ತು, ತಿದ್ದೋ ಮನಸಾದಾಗ ಕೈಗೆ ಸಿಗಬಾರದು.

ತಿದ್ದೋ ಮನಸು ಖಂಡಿತಾ ಆಗುತ್ತೆ. ಇಟಲಿಯ ಪೀಸಾದಲ್ಲಿ ಮರಾತ್ಸೀತಿ ಅನ್ನೋ ಡಾಕ್ಟರ್ ಮತ್ತೆ ಅವರ ಜೊತೆಗಾರರು 1999ರಲ್ಲಿ, ಆಗಷ್ಟೇ ಪ್ರೀತಿಯಲ್ಲಿ ಬಿದ್ದ 20 ಜನರ ರಕ್ತ ತೆಗೆದು ಪ್ಲೇಟ್‌ಲೆಟ್‌ಗಳಲ್ಲಿ ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಸಾಗಿಸೋ ಪ್ರೋಟೀನ್ ಎಷ್ಟಿದೆ ಅಂತ ಅಳೆದಿದ್ರು. ಮಾಮೂಲಿ ಜನಕ್ಕಿಂತ ಕಡಿಮೆ ಇತ್ತು, ಬೇಡದ ಯೋಚನೆ ಬಿಡದೆ ಕಾಡೋ ಒಸಿಡಿ ಕಾಯಿಲೆಯವರಲ್ಲಿ ಇದ್ದಷ್ಟೇ ಕಡಿಮೆ. ಅವರಲ್ಲಿ ಕೆಲವರನ್ನ ಒಂದರಿಂದ ಒಂದೂವರೆ ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ ಮಾಮೂಲಿ ಮಟ್ಟಕ್ಕೆ ಬಂದಿತ್ತು. ಇಪ್ಪತ್ತೇ ಜನ, ಬಹಳ ಸಣ್ಣ ಸ್ಟಡಿ, ಇದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದ್ರೂ ದಿನಾ ಪ್ಲೇಟ್‌ಲೆಟ್ ಎಣಿಸೋ ನಂಗೆ ಇದನ್ನ ಓದಿದಾಗ ಸಮಾಧಾನ ಆಯ್ತು. ನಾನು ಒಂದೂವರೆ ವರ್ಷ ಅವನನ್ನೇ ಯೋಚಿಸ್ತಾ ಕಳೆದದ್ದು ನನ್ನ ಬುದ್ಧಿ ಮಂದ ಆಗಿದ್ದಕ್ಕಲ್ಲ.

ಈಗ ಎರಡನೇ ಕಥೆ. 2024ರ ಜುಲೈನಲ್ಲಿ ಕಸಿನ್ ಮಗುವಿನ ತೊಟ್ಟಿಲು ಕಾರ್ಯಕ್ರಮದಲ್ಲಿ ಒಬ್ಬರ ಪರಿಚಯ ಆಯ್ತು. ಸಿರುಗುಪ್ಪ ಕಡೆಯವರು, ತೋರಣಗಲ್ಲಿನಲ್ಲಿ ಕೆಲಸ. ಆಗಸ್ಟ್ ಹತ್ತರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ನಮ್ಮ ಕಡೆಯವರಿಗೆ ಆ ವಾರ ಮರೆಯೋಕಾಗಲ್ಲ. ಅಪ್ಪ ಎಡದಂಡೆ ಕಾಲುವೆ ನೀರು ನಂಬ್ಕೊಂಡು ನಾಟಿ ಮಾಡಿಸಿದ್ರು, ಡ್ಯಾಮಲ್ಲಿ ತುಂಬಿದ್ದ ನೀರು ಹೊಳೆಗೆ ಹರಿದು ಹೋಗೋದನ್ನ ಟೀವಿಯಲ್ಲಿ ನೋಡ್ತಾ ಊಟಾನೇ ಬಿಟ್ಟಿದ್ರು. ಆ ಸಿರುಗುಪ್ಪದವರು ಕೆಲಸ ಮುಗಿಸ್ಕೊಂಡು ಡ್ಯಾಮ್ ಕಡೆ ಹೋಗಿ, ಅಲ್ಲಿ ಏನು ನಡೀತಿದೆ ಅಂತ ದಿನಾ ಸಂಜೆ ನಂಗೆ ಫೋನ್ ಮಾಡ್ತಿದ್ರು. ನೀರಿನ ಹರಿವಲ್ಲೇ ಉಕ್ಕಿನ ಹಲಗೆಯಂಥ ಸ್ಟಾಪ್‌ಲಾಗ್ ಇಳಿಸಿ ಗೇಟಿನ ಜಾಗ ಮುಚ್ಚೋ ಕೆಲಸ ಮುಗಿದ ದಿನ ಮೊದಲು ಫೋನ್ ಮಾಡಿದ್ದು ಅವರೇ, "ನಿಮ್ಮಪ್ಪಾರಿಗೆ ಹೇಳ್ರಿ, ಬೆಳಿ ಉಳೀತೈತಂತ" ಅಂದ್ರು. ನಂಗೆ ಆ ಒಂದು ಮಾತಿಗೆ ಕಣ್ಣಲ್ಲಿ ನೀರು ಬಂತು, ಅಲ್ಲಿಂದ ನಾನು ಪೂರ್ತಿ ಆ ಕಡೆಗೇ ವಾಲಿದೆ.

ಅವರು ನಿಜವಾಗ್ಲೂ ಒಳ್ಳೆಯವರು, ಇದನ್ನ ಬರೀಲೇಬೇಕು. ಭೇಟಿ ಆದ ಐದೂ ಸಲ ಯಾರಿಗೂ ದನಿ ಏರಿಸಿ ಮಾತಾಡ್ಲಿಲ್ಲ, ಒಂದು ಸಲ ಬಸ್ಸಲ್ಲಿ ಚಿಲ್ಲರೆಗೆ ಕಂಡಕ್ಟರ್ ರೇಗಿದಾಗಲೂ. ಸಣಾಪುರ ಕೆರೆಗೆ ಹೋಗೋಣ ಅಂದ್ರು, ಬೇಡ ಅಂದೆ, ಸರಿ ಅಂದ್ರು, ಮತ್ತೆ ಆ ಮಾತೇ ಎತ್ತಲಿಲ್ಲ. ಅವ್ವನಿಗೆ ದುಡ್ಡು ಕಳಿಸೋದು ಹೇಳಿದೆ, "ಕಳಿಸ್ಬೇಕ್ರಿ ಮತ್ತ" ಅಂದ್ರು. ನಾಲ್ಕರಲ್ಲಿ ಮೂರು ಆಯ್ತು.

ನಾಲ್ಕನೇದು ಕೇಳೋಕೆ ನಂಗೆ ಬಾಯೇ ಬರ್ತಿರಲಿಲ್ಲ. ಆರು ವಾರ ಅಂತ ಬರೆದಿದ್ದೆ, ಐದನೇ ವಾರ ಮುಗೀತಾ ಬಂದಿತ್ತು. ಕೇಳದೇ ಇದ್ದದ್ದೇ ಒಂದು ಸೂಚನೆ ಅಂತ ಈಗ ಅನಿಸುತ್ತೆ, ಉತ್ತರ ಏನು ಬರಬಹುದು ಅಂತ ಒಳಗೆ ಎಲ್ಲೋ ಗೊತ್ತಿದ್ದಾಗ್ಲೇ ಪ್ರಶ್ನೆ ಮುಂದೂಡ್ತೀವಿ. ಕೊನೆಗೆ ಒಂದು ಭಾನುವಾರ ರಾಯಲ್ ಸರ್ಕಲ್ ಹತ್ರ ಟೀ ಕುಡೀತಾ ಕೇಳಿದೆ, ನಿಮ್ಮ ವೈನಿ ಮೊದಲು ಏನು ಮಾಡ್ತಿದ್ರು ಅಂತ. ನರ್ಸ್ ಆಗಿದ್ರು ಅಂದ್ರು. ಈಗ? ಈಗ ಮನೇಲೇ, ಅವರೇ ಬಿಟ್ರು. ನಾನು ಒಂದು ಸಲ ಅವರ ಜೊತೆ ಮಾತಾಡಬಹುದಾ ಅಂದೆ. ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು, "ನೋಡ್ರಿ, ನಿಮಗ ಸುಳ್ಳು ಹೇಳಂಗಿಲ್ಲ. ನಮ್ಮವ್ವಗ ಸೊಸಿ ಮನ್ಯಾಗ ಇರ್ಬೇಕು ಅಂತ ಐತಿ. ಎರಡು ವರ್ಷ ಮನ್ಯಾಗ ಇದ್ದು ಆಮ್ಯಾಲ ನೋಡೋಣಂತ. ನನಗ ಅವ್ವನ ಎದುರು ಮಾತಾಡಾಕ ಆಗಂಗಿಲ್ಲ."

ಅವತ್ತು ರಾತ್ರಿ ಏನಾಯ್ತು ಅಂತ ಪೂರ್ತಿ ಹೇಳ್ತೀನಿ, ಯಾಕಂದ್ರೆ ಕಣ್ಣಿಗೆ ಪರದೆ ಬೀಳೋದು ಅಂದ್ರೆ ಇದೇ. ನಂಗೆ ಬೇಜಾರಾಗಲಿಲ್ಲ, ಖುಷಿ ಆಯ್ತು! ಎಷ್ಟು ಪ್ರಾಮಾಣಿಕ ಮನುಷ್ಯ, ಸುಳ್ಳು ಹೇಳಬಹುದಿತ್ತು ಹೇಳಲಿಲ್ಲ ಅಂತ. ಎರಡೇ ವರ್ಷ ತಾನೇ, ಅಷ್ಟರಲ್ಲಿ ಅತ್ತೆಯ ಮನಸು ಗೆಲ್ತೀನಿ, ಲ್ಯಾಬ್ ಕೆಲಸ ಎಲ್ಲೂ ಹೋಗಲ್ಲ, ಅಂತ ಲೆಕ್ಕ ಹಾಕ್ತಾ ಹೋದೆ. ಒಂದು ಗಂಟೆ ರಾತ್ರಿಗೆ ಅಕ್ಕನಿಗೆ ಮೆಸೇಜ್ ಟೈಪ್ ಮಾಡಿದೆ, "ಕೆಲಸದ ವಿಷಯ ಕೇಳಿದೆ, ಒಪ್ಪಿದಾರೆ, ಆದ್ರೆ ಮೊದಲು ಸ್ವಲ್ಪ ದಿನ..." ಅಲ್ಲಿಗೆ ಬೆರಳು ನಿಂತುಬಿಡ್ತು. ಅವರು ಒಪ್ಪಿರಲಿಲ್ಲ. ಬಲಗಡೆಯ ಕಾಲಂ ಮತ್ತೆ ಶುರುವಾಗಿತ್ತು.

ಮೆಸೇಜ್ ಅಳಿಸಿ, ನಡೆದದ್ದನ್ನ ಅವರು ಅಂದ ಶಬ್ದದಲ್ಲೇ ಬರೆದು ಕಳಿಸಿದೆ. ಬೆಳಿಗ್ಗೆ ಅಕ್ಕ ಫೋನ್ ಮಾಡಿ ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ, ಫೋಟೋ ತೆರೆದು ನಾನೇ ಬರೆದದ್ದನ್ನ ಓದಿದ್ಲು. "ನಾನು ಕೆಲಸ ಬಿಡಲ್ಲ, ನೈಟ್ ಡ್ಯೂಟಿ ಸೇರಿ." ಆಮೇಲೆ ಕೇಳಿದ್ಲು, "ಇದನ್ನ ಬರದಾಗ ನಿನ್ನ ಮುಂದ ಯಾರಿದ್ರವಾ?" ಯಾರೂ ಇರಲಿಲ್ಲ ಅಂದೆ. "ಹಂಗಾರ ಅದು ನಿಂದ ಮಾತು" ಅಂದ್ಲು.

ಪಟ್ಟಿ ಯಾವತ್ತೂ ತಿದ್ದಲೇಬಾರದು ಅಂತ ನಾನು ಹೇಳಲ್ಲ. ನಾನೇ ಒಂದು ತಿದ್ದಿದೀನಿ, ಕುಡಿಬಾರದು ಅನ್ನೋದು ಮೊದಲು ಇತ್ತಲ್ಲ, ಅದು ಚಿಕ್ಕಪ್ಪನ ಕುಡಿತ ನೋಡಿ ಬಂದ ಹೆದರಿಕೆ, ಬಹಳ ಯೋಚಿಸಿ ಅದನ್ನ ದಿನಾ ಕುಡಿಯೋದು, ಕುಡಿದದ್ದನ್ನ ಮುಚ್ಚಿಡೋದು ಅಂತ ಬದಲಾಯಿಸಿದೆ. ಆದ್ರೆ ಆವಾಗ ನಾನು ಯಾರ ಜೊತೆಗೂ ಮಾತಾಡ್ತಿರಲಿಲ್ಲ. ತಿದ್ದಿದ್ರಿಂದ ಯಾರೋ ಒಬ್ಬರು ನಿರ್ದಿಷ್ಟವಾಗಿ ಪಾಸಾಗ್ತಾರೆ ಅಂದ್ರೆ ಆ ತಿದ್ದುಪಡಿ ಅವತ್ತು ಬೇಡ. ಇದೊಂದೇ ಗುರುತು ನಾನು ಇಟ್ಕೊಂಡಿರೋದು.

ಆದ್ರೂ ಬೇಡ ಅಂತ ಹೇಳೋದು ಇನ್ನೂ ಬಾಕಿ ಇತ್ತು, ಅದು ಪಟ್ಟಿಗಿಂತ ಕಷ್ಟ. ಕೆನಡಾದ ಟೊರಾಂಟೊದಲ್ಲಿ ಸಮಂತಾ ಜೋಯೆಲ್ ಮತ್ತೆ ಅವರ ಜೊತೆಗಾರರು ಮಾಡಿದ ಒಂದು ಪ್ರಯೋಗ ಇದೆ, 2014ರದ್ದು. ನಿಮಗೆ ಒಪ್ಪದ ಗುಣ ಇರೋರ ಜೊತೆ ಭೇಟಿಗೆ ಹೂಂ ಅಂತೀರಾ ಅಂತ ಸುಮ್ಮನೆ ಊಹೆಗೆ ಕೇಳಿದಾಗ ಅರ್ಧಕ್ಕಿಂತ ಕಡಿಮೆ ಜನ ಹೂಂ ಅಂದ್ರು, ಆ ಮನುಷ್ಯ ನಿಜವಾಗ್ಲೂ ಇದಾನೆ, ಕಾಯ್ತಿದಾನೆ ಅಂದಾಗ ಹತ್ತಿರ ಹತ್ತಿರ ಮುಕ್ಕಾಲು ಭಾಗ ಜನ ಹೂಂ ಅಂದ್ರು. ಕಾರಣಗಳಲ್ಲಿ ದೊಡ್ಡದು, ಎದುರಿನವರಿಗೆ ನೋವಾಗುತ್ತಲ್ಲ ಅನ್ನೋದು. ನನ್ನದೂ ಅದೇ ಆಗಿತ್ತು, ಅಪ್ಪನ ಬೆಳೆ ಬಗ್ಗೆ ಅಷ್ಟು ಕಾಳಜಿ ಮಾಡಿದ ಮನುಷ್ಯನಿಗೆ ಹೆಂಗೆ ಹೇಳೋದು? ಹಂಗಾಗಿ ಈಗ ಯಾರಾದ್ರೂ ಕೇಳಿದ್ರೆ, ಬೇಡ ಅನ್ನೋ ವಾಕ್ಯಾನೂ ಪಟ್ಟಿಯ ಕೆಳಗೆ ಅವತ್ತೇ ಬರೆದಿಡಿ ಅಂತೀನಿ. ನಾನು ಬರೆದಿರಲಿಲ್ಲ, ಅಕ್ಕನೂ ನಾನೂ ಫೋನಲ್ಲೇ ಕೂಡಿ ಬರೆದ್ವಿ. "ನಿಮ್ಮದು ತಪ್ಪಿಲ್ಲ. ಕೆಲಸ ಬಿಡಲ್ಲ ಅಂತ ನಿಮ್ಮನ್ನ ನೋಡೋಕೂ ಮುಂಚೆ ತೀರ್ಮಾನ ಮಾಡಿದ್ದೆ. ಮುಂದಕ್ಕೆ ಹೋಗೋದು ಬೇಡ." ಮೂರೇ ಮಾತು. ಕ್ಷಮಿಸಿ ಅಂತ ಹತ್ತು ಸಲ ಸೇರಿಸಿದ್ದೆ, ಅಕ್ಕ ಎಲ್ಲಾ ತೆಗೆಸಿದ್ಲು.

ಹೊಸ ಬಸ್ ಸ್ಟ್ಯಾಂಡಲ್ಲಿ ಹೇಳಿದೆ. ಅವರು ತಲೆ ಆಡಿಸಿದ್ರು, ನೀರಿನ ಬಾಟ್ಲಿ ಕೊಡಿಸಿ ಬಸ್ ಹತ್ತಿಸಿದ್ರು. ಗಂಗಾವತಿ ಮುಟ್ಟೋ ತನಕ ಅತ್ತೆ. ಆಮೇಲೆ ಸುಮಾರು ಮೂರು ತಿಂಗಳು, ಸಂಜೆ ಆ ಹೊತ್ತಿಗೆ ಫೋನ್ ನೋಡೋದು ನಿಲ್ಲಲಿಲ್ಲ. ಪಟ್ಟಿ ಆ ನೋವನ್ನ ಒಂದು ದಿನಾನೂ ಕಡಿಮೆ ಮಾಡಲಿಲ್ಲ. ನೋವು ಏಳನೇ ವಾರಕ್ಕೆ ಬಂತು, ಹದಿನೆಂಟನೇ ತಿಂಗಳಿಗಲ್ಲ, ಅಷ್ಟೇ ವ್ಯತ್ಯಾಸ.

ಈಗ ಒಬ್ಬರ ಜೊತೆ ಮಾತಾಡಕತ್ತೀನಿ. ಕೊಪ್ಪಳದವರು, ಮೂರನೇ ವಾರ. ದನಿ ಚೆನ್ನಾಗಿದೆ, ನಗಿಸ್ತಾರೆ. ನಿನ್ನೆ ಅಕ್ಕ ಫೋನ್ ಮಾಡಿ ಮೊದಲು ಮಕ್ಕಳ ಪರೀಕ್ಷೆ, ಅವ್ವನ ಮೊಣಕಾಲು, ಎಲ್ಲಾ ಮಾತಾಡಿ ಕೊನೆಗೆ ಕೇಳಿದ್ಲು, "ಎಷ್ಟ್ ಆದುವು?"

"ಎರಡು" ಅಂದೆ. "ಮನೀ ಹೆಣ್ಮಕ್ಕಳದು ಇನ್ನೂ ಕೇಳಿಲ್ಲ. ಬರೋ ಭಾನುವಾರ ಕೇಳ್ತೀನಿ."

"ಭಾನುವಾರ ಸಂಜಿಕ ಫೋನ್ ಮಾಡ್ತೀನಿ" ಅಂದು ಇಟ್ಲು.